ಎಂಟು ಜನರ ಬಾಕಿ, ಐದು ಪಾವತಿ

ಭಟ್ಕಳ ಪೇಟೆಗೆ ಹೊಂದಿಕೊಂಡಿರುವ ಮುಟ್ಟಳ್ಳಿಯಿಂದ ಎಂಟು ಮಂದಿ ಸ್ನೇಹಿತರು ಬಾಡಿಗೆಯ ಟೆಂಪೊ ಒಂದರಲ್ಲಿ ಹೊರಟು, ಮುರುಡೇಶ್ವರದಲ್ಲಿ ತಿಂಡಿ ತಿಂದು, ಇಡಗುಂಜಿಯಲ್ಲಿ ಗಣಪತಿಯ ದರ್ಶನವನ್ನು ಪಡೆದು, ಹೊನ್ನಾವರದ ಬಳಿ ಶರಾವತಿಯಲ್ಲಿ ದೋಣಿಯೇರಿ, ಕುಮಟೆಯಲ್ಲಿ ಊಟ ಮುಗಿಸಿ, ಮಿರ್ಜಾನದ ಕೋಟೆಯನ್ನು ಸುತ್ತಿ, ರಾತ್ರಿ ಗೋಕರ್ಣದಲ್ಲಿ ತಂಗಿ, ಮರುದಿನ ಯಾಣದ ಕರಿಬಂಡೆಗಳನ್ನು ಕಂಡು ಊರಿಗೆ ಮರಳಿದರೆಂದು ಕಲ್ಪಿಸಿಕೊಳ್ಳೋಣ. ಪ್ರಯಾಣದುದ್ದಕ್ಕೂ ಯಾರ ಕೈಗೆ ಮೊದಲು ಫೋನು ಬಂದಿತೋ ಅವರು ಹಣ ಕೊಟ್ಟಿದ್ದಾರೆ. ಲೆಕ್ಕವನ್ನು ಊರಿಗೆ ಬಂದ ಮೇಲೆ ನೋಡಿಕೊಂಡರಾಯಿತೆಂದು ಎಲ್ಲರೂ ಒಪ್ಪಿದ್ದಾರೆ. ಈಗ ಉಳಿದಿರುವುದು ಎರಡು ಪ್ರಶ್ನೆಗಳು. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಬರಬೇಕು ಎಂಬುದು ಮೊದಲನೆಯದು. ಇದು ಕೇವಲ ಕೂಡುವ ಕಳೆಯುವ ಕೆಲಸ. ಎಲ್ಲರ ಬಾಕಿಯೂ ತೀರುವಂತೆ ಹಣವನ್ನು ಒಬ್ಬರಿಂದೊಬ್ಬರಿಗೆ ಎಷ್ಟು ಕಡಿಮೆ ಸಲ ಸಾಗಿಸಿದರೆ ಸಾಕು ಎಂಬುದು ಎರಡನೆಯದು. ನೋಡುವುದಕ್ಕೆ ಮೊದಲನೆಯದರ ಬಾಲದಂತೆ ತೋರುವ ಈ ಎರಡನೆಯ ಪ್ರಶ್ನೆ, ವಾಸ್ತವವಾಗಿ, ಗಣಕಶಾಸ್ತ್ರದ ಅತ್ಯಂತ ದುಸ್ತರವಾದ ಸಮಸ್ಯೆಗಳ ಬಳಗಕ್ಕೆ ಸೇರಿದ್ದಾಗಿದೆ.

ಮೊದಲನೆಯ ಪ್ರಶ್ನೆಯ ಉತ್ತರಕ್ಕೆ ಆಧಾರವಾಗಿರುವುದು ಪಾವತಿಯ ದಾಖಲೆ. 2016ರಲ್ಲಿ ಯುಪಿಐ ಬಂದಂದಿನಿಂದ, ಹಿಂದೆ ಕಿರ್ದಿಪುಸ್ತಕ ಬರೆಯುವವರಿಗೆ ಮಾತ್ರ ಇದ್ದ ಸೌಲಭ್ಯ, ಅಂದರೆ ಪ್ರತಿಯೊಂದು ವೆಚ್ಚಕ್ಕೂ ದಿನಾಂಕ, ವೇಳೆ, ಮೊತ್ತ, ಪಡೆದವರ ಹೆಸರುಗಳಿರುವ ಒಂದು ಸಾಲು, ಪ್ರತಿಯೊಬ್ಬರ ಕಿಸೆಯಲ್ಲಿಯೂ ತಾನಾಗಿಯೇ ಬರೆಯಲ್ಪಡುತ್ತಿದೆ. ಪ್ರತಿ ಸಾಲಿಗೂ ಹನ್ನೆರಡು ಅಂಕಿಗಳ ಉಲ್ಲೇಖ ಸಂಖ್ಯೆಯೊಂದು ಇರುವುದರಿಂದ ಒಂದೇ ಪಾವತಿಯನ್ನು ಎರಡು ಬಾರಿ ಎಣಿಸಿದರೆ ಪತ್ತೆಮಾಡುವುದೂ ಸುಲಭವಾಗಿದೆ. ಆದರೆ ದಾಖಲೆಯನ್ನು ಓದುವುದಕ್ಕೂ ಒಂದು ವಿವೇಕ ಬೇಕು. ಪಡೆದವರ ಹೆಸರಿನ ಜಾಗದಲ್ಲಿ ಖಾನಾವಳಿಯ ಹೆಸರಿಗೆ ಬದಲಾಗಿ ಅದರ ಯಜಮಾನರ ಸ್ವಂತ ಹೆಸರು ಇರುವುದುಂಟು. ಆಗ ಅದು ಯಾವ ಊರಿನ ಯಾವ ಖರ್ಚೆಂಬುದನ್ನು ವೇಳೆಯಿಂದಲೇ ಗುರುತಿಸಬೇಕಾಗುತ್ತದೆ. ಹಣ ಹೋದಂತೆ ತೋರಿ, ಪಾವತಿ ವಿಫಲವಾಗಿ, ಅದೇ ಮೊತ್ತ ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದಿದ್ದರೆ, ಆ ಎರಡು ಸಾಲುಗಳನ್ನೂ ಬಿಡಬೇಕು. ಹೋದದ್ದನ್ನು ಮಾತ್ರ ಎಣಿಸಿದರೆ ಇಲ್ಲದ ಖರ್ಚು ಎಲ್ಲರ ತಲೆಯ ಮೇಲೆ ಬೀಳುತ್ತದೆ. ನಗದಾಗಿ ಕೊಟ್ಟ ಹಣವಂತೂ ಯಾವ ದಾಖಲೆಯಲ್ಲಿಯೂ ಸಿಕ್ಕದು. ಆದುದರಿಂದ ಒಬ್ಬೊಬ್ಬರ ಫೋನನ್ನೂ ಬಿಡಿಬಿಡಿಯಾಗಿ ನೋಡುವುದಕ್ಕಿಂತ, ಪ್ರಯಾಣದ ಕ್ರಮದಲ್ಲಿಯೇ ಮುರುಡೇಶ್ವರದಿಂದ ಯಾಣದವರೆಗೆ ಮನಸ್ಸಿನಲ್ಲಿ ಇನ್ನೊಮ್ಮೆ ಸಾಗುತ್ತ, ಪ್ರತಿಯೊಂದು ನಿಲುಗಡೆಯಲ್ಲಿಯೂ ‘ಇಲ್ಲಿ ಕೊಟ್ಟವರು ಯಾರು?’ ಎಂದು ಕೇಳಿ, ಬಂದ ಉತ್ತರಕ್ಕೆ ಸಾಕ್ಷಿಯಾಗಿ ದಾಖಲೆಯ ಸಾಲನ್ನು ಹುಡುಕುವುದೇ ಲೇಸು.

ನಮ್ಮ ಎಂಟು ಮಂದಿಯನ್ನು ಅವರವರ ಉದ್ಯೋಗದಿಂದಲೇ ಕರೆಯೋಣ. ಟೆಂಪೊವಿನ ಒಟ್ಟು ಬಾಡಿಗೆ 11,500 ರೂಪಾಯಿ. ಅದರಲ್ಲಿ 4,200ನ್ನು ಮುಂಗಡವಾಗಿ ವಕೀಲರೂ, ಉಳಿದ 7,300ನ್ನು ಮರಳಿದ ಸಂಜೆ ಅಂಗಡಿಯ ಸಾಹುಕಾರರೂ ಕೊಟ್ಟರು. ಗೋಕರ್ಣದ ಕೊಠಡಿಗಳಿಗೆ 4,400 ರೂಪಾಯಿಯನ್ನು ಮೇಷ್ಟರು ಕೊಟ್ಟರು. ಊಟಗಳಿಗೆಂದು ಕೃಷಿಕರು ಕೊಟ್ಟದ್ದು 4,400. ಗುಮಾಸ್ತರು ತಿಂಡಿ ಚಹಾಗಳಿಗೆ 1,800, ದರ್ಜಿ ದೋಣಿಗೆ 1,300, ಲೈನ್‌ಮನ್ ಎಳನೀರಿಗೆ 400, ಛಾಯಾಗ್ರಾಹಕ ವಾಹನ ನಿಲುಗಡೆಗೆ 200 ರೂಪಾಯಿ ಕೊಟ್ಟರು. ಇವೆಲ್ಲವನ್ನೂ ಕೂಡಿದರೆ 24,000. ಎಂಟು ಜನರಿಗೆ ಸಮವಾಗಿ ಹಂಚಿದರೆ ತಲೆಗೆ 3,000 ರೂಪಾಯಿ. ಇನ್ನೊಂದು ಸಾಲು ಮಾತ್ರ ಉಳಿದಿದೆ: ಕುಮಟೆಯ ಊಟದ ಹೊತ್ತಿಗೆ ಕೃಷಿಕರ ಖಾತೆಯಲ್ಲಿ ಹಣ ಸಾಲದೆ, ಮೇಷ್ಟರು ಅವರಿಗೆ 500 ರೂಪಾಯಿ ಕಳುಹಿಸಿದ್ದರು.

ಈ ಐನೂರರ ಸಾಲೇ ಲೆಕ್ಕದ ಅತ್ಯಂತ ಅಪಾಯಕರವಾದ ಸಾಲು. ಇದು ಖರ್ಚಲ್ಲ; ಸ್ನೇಹಿತರೊಳಗೇ ಹಣ ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದು ಮಾತ್ರ. ಆದುದರಿಂದ ಒಟ್ಟು ಮೊತ್ತವನ್ನು ಮುಟ್ಟದೆ, ಕೊಟ್ಟ ಮೇಷ್ಟರ ಲೆಕ್ಕಕ್ಕೆ 500ನ್ನು ಕೂಡಿಸಿ, ಪಡೆದ ಕೃಷಿಕರ ಲೆಕ್ಕದಿಂದ ಅಷ್ಟನ್ನೇ ಕಳೆಯಬೇಕು. ಹಾಗೆ ಮಾಡಿದಾಗ ಮೇಷ್ಟರು ತೆತ್ತದ್ದು 4,900, ಕೃಷಿಕರು ತೆತ್ತದ್ದು 3,900 ಎಂದಾಗುತ್ತದೆ. ಇದನ್ನು ಅರಿಯದೆ ಆ ಐನೂರನ್ನೂ ಖರ್ಚೆಂದೇ ಬರೆದುಬಿಟ್ಟರೆ ಒಟ್ಟು 24,500ಕ್ಕೆ ಏರಿ, ತಲಾ ಪಾಲು 3,062 ರೂಪಾಯಿ 50 ಪೈಸೆಯಾಗಿ, ಏಳು ಮಂದಿಯೂ ತಲಾ 62 ರೂಪಾಯಿ 50 ಪೈಸೆಯನ್ನು ಕಳೆದುಕೊಂಡು, ಆ 437 ರೂಪಾಯಿ 50 ಪೈಸೆಯಷ್ಟೂ ಕೃಷಿಕರ ಪಾಲಿಗೆ ಅನ್ಯಾಯವಾಗಿ ಹೋಗಿ ಸೇರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೀಗೆ ತಪ್ಪಾದ ಲೆಕ್ಕವೂ ಕೊನೆಯಲ್ಲಿ ಸರಿಯಾಗಿಯೇ ಕೂಡಿಬರುತ್ತದೆಂಬುದು. ಕೊಡುವವರ ಮೊತ್ತವೂ ಬರಬೇಕಾದವರ ಮೊತ್ತವೂ ಸಮನಾಗಿದ್ದರೆ ಲೆಕ್ಕ ನಿರ್ದುಷ್ಟವೆಂದು ಅನೇಕರು ನಂಬುತ್ತಾರೆ. ಆದರೆ ಪಾಲನ್ನು ಒಟ್ಟು ಮೊತ್ತದಿಂದಲೇ ಭಾಗಿಸಿ ತೆಗೆದಿರುವುದರಿಂದ, ಒಂದು ಖರ್ಚು ಬಿಟ್ಟುಹೋದರೂ, ಒಬ್ಬರ ಪಾವತಿ ಇನ್ನೊಬ್ಬರ ಹೆಸರಿಗೆ ಬಿದ್ದರೂ, ಆ ಸಮತೆ ಕೆಡುವುದಿಲ್ಲ. ಅದು ಕೂಡುವ ಕಳೆಯುವ ತಪ್ಪನ್ನು ಹಿಡಿಯಬಲ್ಲುದೇ ಹೊರತು ದಾಖಲೆಯನ್ನು ಓದಿದ ತಪ್ಪನ್ನು ಹಿಡಿಯಲಾರದು.

ಇನ್ನು ಪ್ರತಿಯೊಬ್ಬರೂ ತೆತ್ತ ಹಣದಿಂದ ಅವರವರ ಪಾಲಾದ 3,000ನ್ನು ಕಳೆದರೆ ಉಳಿಯುವುದೇ ಅವರ ನಿವ್ವಳ ಬಾಕಿ. ಸಾಹುಕಾರರಿಗೆ 4,300, ಮೇಷ್ಟರಿಗೆ 1,900, ವಕೀಲರಿಗೆ 1,200, ಕೃಷಿಕರಿಗೆ 900 ಬರಬೇಕು. ಛಾಯಾಗ್ರಾಹಕ 2,800, ಲೈನ್‌ಮನ್ 2,600, ದರ್ಜಿ 1,700, ಗುಮಾಸ್ತರು 1,200 ಕೊಡಬೇಕು. ಎರಡು ಕಡೆಯೂ 8,300 ರೂಪಾಯಿ. ಬರಬೇಕಾದದ್ದನ್ನು ಧನವೆಂದೂ ಕೊಡಬೇಕಾದದ್ದನ್ನು ಋಣವೆಂದೂ ಎಣಿಸಿ, ಸಮನಾದ ಧನಋಣಗಳು ಕೂಡಿದರೆ ಶೂನ್ಯವೇ ಆಗುತ್ತದೆಂಬ ನಿಯಮವನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬರೆದಿಟ್ಟನು, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಧನಋಣಗಳ ನಿಯಮಗಳನ್ನು ವಿವರಿಸಿದನು. ಮುಂದೆ ಬರುವ ಸಮಸ್ತ ವಿಚಾರಕ್ಕೂ ಈ ಶೂನ್ಯವೇ ಕೀಲಿಕೈ.

ನಿವ್ವಳ ಬಾಕಿಯನ್ನು ಕಾಣದೆ, ಪ್ರತಿಯೊಂದು ಖರ್ಚನ್ನೂ ಪ್ರತ್ಯೇಕವಾಗಿ ಎಂಟು ಪಾಲು ಮಾಡಿ, ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಲೆಕ್ಕ ತೀರಿಸಿಕೊಳ್ಳಲು ಹೊರಟರೆ ಏನಾಗುತ್ತದೆಂಬುದನ್ನು ನೋಡಿ. ಎಂಟು ಜನರಲ್ಲಿ ಇಬ್ಬಿಬ್ಬರನ್ನು ಆರಿಸಿದರೆ 28 ಜೋಡಿಗಳಾಗುತ್ತವೆ. ನಮ್ಮ ಉದಾಹರಣೆಯಲ್ಲಿ ಯಾವ ಇಬ್ಬರೂ ಸಮನಾಗಿ ಹಣ ತೆತ್ತಿಲ್ಲವಾದ್ದರಿಂದ ಪ್ರತಿಯೊಂದು ಜೋಡಿಯಲ್ಲಿಯೂ ಏನಾದರೊಂದು ಬಾಕಿ ಉಳಿದು, 28 ಪಾವತಿಗಳೇ ಬೇಕಾಗುತ್ತವೆ. ನಿವ್ವಳ ಬಾಕಿಯನ್ನು ಕಂಡೊಡನೆ ಈ ಜಾಲವೆಲ್ಲ ಕಳಚಿಬೀಳುತ್ತದೆ. ಒಬ್ಬರನ್ನು, ಹೇಳೋಣ ಸಾಹುಕಾರರನ್ನು, ಖಜಾಂಚಿಯಾಗಿ ಮಾಡಿ, ಕೊಡಬೇಕಾದವರೆಲ್ಲ ಅವರಿಗೇ ಕೊಟ್ಟು, ಬರಬೇಕಾದವರೆಲ್ಲ ಅವರಿಂದಲೇ ಪಡೆದರೆ ಏಳು ಪಾವತಿಗಳಲ್ಲಿ ಎಲ್ಲವೂ ಮುಗಿಯುತ್ತದೆ. ಎಷ್ಟು ಜನರಿದ್ದರೂ ಅವರ ಸಂಖ್ಯೆಗಿಂತ ಒಂದು ಕಡಿಮೆ ಪಾವತಿಗಳು ಸಾಕೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಬ್ಯಾಂಕುಗಳೂ ತಮ್ಮೊಳಗಿನ ಲೆಕ್ಕವನ್ನು ತೀರಿಸಿಕೊಳ್ಳುವುದು ಬಹುಮಟ್ಟಿಗೆ ಈ ಕ್ರಮದಲ್ಲಿಯೇ: ಯುಪಿಐ ಮೂಲಕ ನಾವು ಕಳುಹಿಸಿದ ಹಣ ಕ್ಷಣಮಾತ್ರದಲ್ಲಿ ತಲುಪಿದಂತೆ ನಮಗೆ ಕಂಡರೂ, ಆ ಬ್ಯಾಂಕಿನಿಂದ ಈ ಬ್ಯಾಂಕಿಗೆ ಪ್ರತಿಯೊಂದು ಪಾವತಿಗೂ ಹಣ ಬೇರೆಬೇರೆಯಾಗಿ ಹೋಗುವುದಿಲ್ಲ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಪ್ರತಿ ಬ್ಯಾಂಕಿನ ನಿವ್ವಳವನ್ನು ಲೆಕ್ಕಹಾಕಿ, ದಿನಕ್ಕೆ ಹಲವು ಸಲ, ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳ ಮೂಲಕ ಅದನ್ನು ಇತ್ಯರ್ಥಗೊಳಿಸುತ್ತದೆ.

ಖಜಾಂಚಿಯ ಕ್ರಮದಲ್ಲಿ ಒಂದು ಕೊರತೆಯುಂಟು. ಸಾಹುಕಾರರಿಗೆ ನ್ಯಾಯವಾಗಿ ಬರಬೇಕಾದದ್ದು 4,300 ಮಾತ್ರವಾದರೂ, ಅವರ ಖಾತೆಗೆ 8,300 ಬಂದು, ಅದರಲ್ಲಿ 4,000 ಮತ್ತೆ ಹೊರಗೆ ಹೋಗಬೇಕಾಗುತ್ತದೆ. ಈ ವೃಥಾ ಸಂಚಾರವನ್ನು ತಪ್ಪಿಸಬೇಕೆಂದರೆ, ಕೊಡುವವರು ಕೊಡುವುದನ್ನು ಮಾತ್ರವೂ ಪಡೆಯುವವರು ಪಡೆಯುವುದನ್ನು ಮಾತ್ರವೂ ಮಾಡಬೇಕು. ಆಗ ಯಾರಿಂದ ಯಾರಿಗೆ ಹೋದರೂ ಸಾಗುವ ಹಣ ಒಟ್ಟು 8,300ನ್ನು ಮೀರುವುದಿಲ್ಲ. ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ, ಅತಿ ಹೆಚ್ಚು ಕೊಡಬೇಕಾದವರು ಅತಿ ಹೆಚ್ಚು ಬರಬೇಕಾದವರಿಗೆ ಆದಷ್ಟನ್ನು ಕೊಡುವುದು, ಉಳಿದದ್ದರಲ್ಲಿ ಮತ್ತೆ ಅದೇ ಕ್ರಮವನ್ನು ಅನುಸರಿಸುವುದು. ಪ್ರತಿ ಹೆಜ್ಜೆಯಲ್ಲಿಯೂ ಕನಿಷ್ಠಪಕ್ಷ ಒಬ್ಬರ ಬಾಕಿ ಪೂರ್ತಿಯಾಗಿ ತೀರುವುದರಿಂದ ಈ ಕ್ರಮವೂ ಏಳನ್ನು ಮೀರದು. ನಮ್ಮ ಲೆಕ್ಕದಲ್ಲಿ ಇದನ್ನು ನಡೆಸಿನೋಡೋಣ. ಛಾಯಾಗ್ರಾಹಕ ಸಾಹುಕಾರರಿಗೆ 2,800 ಕೊಟ್ಟಾಗ ಅವರಿಗೆ ಇನ್ನೂ 1,500 ಬರಬೇಕು. ಈಗ ಮೇಷ್ಟರೇ ಮುಂದು; ಲೈನ್‌ಮನ್ ಅವರಿಗೆ 1,900 ಕೊಟ್ಟು 700 ಉಳಿಸಿಕೊಳ್ಳುತ್ತಾನೆ. ದರ್ಜಿ ಸಾಹುಕಾರರಿಗೆ 1,500 ಕೊಟ್ಟು 200 ಉಳಿಸಿಕೊಳ್ಳುತ್ತಾನೆ. ಗುಮಾಸ್ತರ 1,200 ವಕೀಲರ 1,200ಕ್ಕೆ ಸರಿಹೋಗುತ್ತದೆ. ಕೊನೆಗೆ ಲೈನ್‌ಮನ್ 700ನ್ನೂ ದರ್ಜಿ 200ನ್ನೂ ಕೃಷಿಕರಿಗೆ ಕೊಟ್ಟಲ್ಲಿಗೆ ಮುಗಿಯಿತು. ಒಟ್ಟು ಆರು ಪಾವತಿಗಳು. ಏಳು ಆರಾಯಿತೆಂದು ಸಂತೋಷಪಡುವವರು, ಐದರಲ್ಲಿಯೇ ಮುಗಿಯುತ್ತಿತ್ತೆಂಬುದನ್ನು ಅರಿಯದೆಯೇ ಉಳಿಯುತ್ತಾರೆ.

ಐದು ಹೇಗೆ ಸಾಧ್ಯ, ನಾಲ್ಕು ಏಕೆ ಅಸಾಧ್ಯ ಎಂಬುದನ್ನು ತಿಳಿಯಲು ಕಾಗದದ ಮೇಲೆ ಎಂಟು ಚುಕ್ಕೆಗಳನ್ನಿಟ್ಟು, ಪ್ರತಿಯೊಂದು ಪಾವತಿಗೂ ಇಬ್ಬರ ಚುಕ್ಕೆಗಳನ್ನು ಸೇರಿಸುವ ಗೆರೆಯೊಂದನ್ನು ಎಳೆಯಬೇಕು. ಎಲ್ಲ ಪಾವತಿಗಳೂ ಮುಗಿದಾಗ ಚುಕ್ಕೆಗಳು ಒಂದೇ ಗುಂಪಾಗಿ ಹೆಣೆದುಕೊಂಡಿರಬಹುದು, ಇಲ್ಲವೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಗುಂಪುಗಳಾಗಿ ಬಿಡಿಯಾಗಿ ನಿಂತಿರಬಹುದು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಗೆರೆಯೇ ಇಲ್ಲವೆಂದರೆ ಹಣವೂ ದಾಟಿಲ್ಲವೆಂದಾಯಿತು. ಹಣ ದಾಟದೆಯೇ ಆ ಗುಂಪಿನ ಎಲ್ಲರ ಬಾಕಿಯೂ ತೀರಿದೆಯೆಂದಮೇಲೆ, ಆ ಗುಂಪಿನ ಧನಋಣಗಳು ಮೊದಲೇ ಪರಸ್ಪರ ಸಮನಾಗಿದ್ದಿರಲೇಬೇಕು. ಇಂಥದನ್ನು ಶೂನ್ಯಗುಂಪು ಎಂದು ಕರೆಯೋಣ. ಇನ್ನು ಒಂದು ಗುಂಪಿನ ಚುಕ್ಕೆಗಳೆಲ್ಲ ಹೆಣೆದುಕೊಳ್ಳಬೇಕಾದರೆ ಎಷ್ಟು ಗೆರೆಗಳು ಬೇಕು? ಇಬ್ಬರಿಗೆ ಒಂದು; ಮೂರನೆಯವರು ಸೇರಬೇಕಾದರೆ ಇನ್ನೊಂದು; ಹೀಗೆ ಗುಂಪಿನ ಸಂಖ್ಯೆಗಿಂತ ಒಂದು ಕಡಿಮೆ ಗೆರೆಗಳಾದರೂ ಬೇಕೇ ಬೇಕು, ಮತ್ತು ನಾವು ಈಗಾಗಲೇ ಕಂಡಂತೆ, ಅಷ್ಟೇ ಸಾಕು. ಪ್ರತಿಯೊಂದು ಶೂನ್ಯಗುಂಪೂ ನಮಗೆ ಒಂದೊಂದು ಪಾವತಿಯನ್ನು ಉಳಿಸಿಕೊಡುತ್ತದೆಂದು ಇದರ ತಾತ್ಪರ್ಯ. ಆದುದರಿಂದ ಜನರ ಸಂಖ್ಯೆಯಿಂದ ಶೂನ್ಯಗುಂಪುಗಳ ಸಂಖ್ಯೆಯನ್ನು ಕಳೆದರೆ ಪಾವತಿಗಳ ಸಂಖ್ಯೆ ದೊರೆಯುತ್ತದೆ. ಪಾವತಿಗಳನ್ನು ಕನಿಷ್ಠಗೊಳಿಸುವುದೆಂದರೆ ಎಲ್ಲರನ್ನೂ ಆದಷ್ಟು ಹೆಚ್ಚು ಶೂನ್ಯಗುಂಪುಗಳಾಗಿ ವಿಂಗಡಿಸುವುದು, ಅದರಿಂದ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನೆದರ್ಲೆಂಡಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಟಾಮ್ ವರ್ಹೂಫ್ ಅವರು 2004ರಲ್ಲಿ, ಹಲವರ ನಡುವಣ ಸಾಲಗಳನ್ನು ತೀರಿಸುವ ಈ ಸಮಸ್ಯೆಯನ್ನೇ ಎತ್ತಿಕೊಂಡು, ಗಣಕವಿಜ್ಞಾನಕ್ಕೆ ವಿದ್ಯಾರ್ಥಿಗಳನ್ನು ಆಹ್ವಾನಿಸುವ ಲೇಖನವೊಂದನ್ನು ಬರೆದರು. ಆ ಆಯ್ಕೆ ಎಷ್ಟು ಉಚಿತವಾದುದೆಂಬುದು ಈ ಸಮಸ್ಯೆಯನ್ನು ಒಮ್ಮೆ ಕೈಯಾರೆ ಬಿಡಿಸಿದವರಿಗೆ ಮಾತ್ರ ಪೂರ್ಣವಾಗಿ ತಿಳಿದೀತು.

ಕೈಯಾರೆ ಬಿಡಿಸುವಾಗ ಮೊದಲು ಮಾಡಬೇಕಾದದ್ದು ಸಮಜೋಡಿಗಳನ್ನು ಹುಡುಕುವುದು. ಗುಮಾಸ್ತರು ಕೊಡಬೇಕಾದದ್ದೂ ವಕೀಲರಿಗೆ ಬರಬೇಕಾದದ್ದೂ 1,200. ಅವರಿಬ್ಬರನ್ನು ಒಂದು ಗುಂಪಾಗಿ ತೆಗೆದಿಡಬಹುದು. ಹೀಗೆ ಅವಸರಪಟ್ಟು ತೆಗೆದರೆ ಮುಂದೆ ಇದಕ್ಕಿಂತ ಉತ್ತಮವಾದ ವಿಂಗಡಣೆ ತಪ್ಪಿಹೋದೀತೆಂಬ ಶಂಕೆ ಸಹಜವಾದರೂ, ಆ ಭಯಕ್ಕೆ ಕಾರಣವಿಲ್ಲ. ಅತ್ಯುತ್ತಮವಾದ ವಿಂಗಡಣೆಯೊಂದರಲ್ಲಿ ಈ ಇಬ್ಬರೂ ಬೇರೆ ಬೇರೆ ಗುಂಪುಗಳಲ್ಲಿದ್ದಾರೆಂದೇ ಇಟ್ಟುಕೊಳ್ಳೋಣ. ಆ ಎರಡು ಗುಂಪುಗಳಿಂದ ಇವರನ್ನು ಹೊರತೆಗೆದು ಜೋಡಿಮಾಡಿದರೆ, ಉಳಿದವರೆಲ್ಲರ ಮೊತ್ತವೂ ಶೂನ್ಯವೇ ಆಗುವುದರಿಂದ, ಅವರೆಲ್ಲ ಸೇರಿ ಎರಡನೆಯ ಗುಂಪಾಗುತ್ತಾರೆ. ಮೊದಲೂ ಎರಡು ಗುಂಪು, ಈಗಲೂ ಎರಡು ಗುಂಪು, ನಷ್ಟವೇನೂ ಆಗಲಿಲ್ಲ. ಮೂವರ ಶೂನ್ಯಗುಂಪಿಗೆ ಮಾತ್ರ ಈ ಅಭಯವಿಲ್ಲ. ಕಣ್ಣಿಗೆ ಬಿದ್ದ ಮೂವರು ಮೂರು ಬೇರೆ ಬೇರೆ ಗುಂಪುಗಳಿಗೆ ಸೇರಬೇಕಾದವರಾಗಿದ್ದರೆ, ಅವರನ್ನು ಕಿತ್ತ ಮೇಲೆ ಆ ಮೂರು ಗುಂಪುಗಳ ಅವಶೇಷಗಳೆಲ್ಲ ಒಂದೇ ದೊಡ್ಡ ಗುಂಪಾಗಿ ಉಳಿದು, ಮೂರು ಇದ್ದದ್ದು ಎರಡಾಗಿಬಿಡಬಹುದು. ಜೋಡಿಯನ್ನು ಕಂಡಕೂಡಲೇ ತೆಗೆಯಬಹುದು, ತ್ರಯವನ್ನು ಮಾತ್ರ ವಿಚಾರಿಸಿ ತೆಗೆಯಬೇಕು.

ಗುಮಾಸ್ತ ವಕೀಲರು ಹೋದ ಮೇಲೆ ಉಳಿದವರು ಆರು ಮಂದಿ. ಈಗ ಬರಬೇಕಾದ ಮೂವರ ಮೊತ್ತಗಳನ್ನು ಒಂಟಿಯಾಗಿಯೂ ಜೊತೆಯಾಗಿಯೂ ಎಲ್ಲ ರೀತಿಯಲ್ಲಿಯೂ ಕೂಡಿ ಬರೆದರೆ 900, 1,900, 2,800, 4,300, 5,200, 6,200, 7,100 ಎಂಬ ಏಳು ಸಂಖ್ಯೆಗಳು ದೊರೆಯುತ್ತವೆ. ಕೊಡಬೇಕಾದ ಮೂವರದನ್ನು ಹಾಗೆಯೇ ಕೂಡಿದರೆ 1,700, 2,600, 2,800, 4,300, 4,500, 5,400, 7,100. ಎರಡು ಸಾಲುಗಳಲ್ಲಿಯೂ ಕಾಣುವ ಸಂಖ್ಯೆಗಳೆಲ್ಲ ಶೂನ್ಯಗುಂಪುಗಳನ್ನು ಸೂಚಿಸುತ್ತವೆ. ಕೊನೆಯ 7,100 ಆರೂ ಜನರ ಮೊತ್ತವಾದ್ದರಿಂದ ಅದರಲ್ಲಿ ಹೊಸ ವಿಷಯವಿಲ್ಲ. ಆದರೆ 2,800 ಎರಡೂ ಕಡೆ ಇದೆ, 4,300 ಕೂಡ ಇದೆ. ಮೇಷ್ಟರ 1,900 ಮತ್ತು ಕೃಷಿಕರ 900 ಸೇರಿದರೆ ಛಾಯಾಗ್ರಾಹಕನ 2,800ಕ್ಕೆ ಸಮ. ಲೈನ್‌ಮನ್ನನ 2,600 ಮತ್ತು ದರ್ಜಿಯ 1,700 ಸೇರಿದರೆ ಸಾಹುಕಾರರ 4,300ಕ್ಕೆ ಸಮ. ಹೀಗೆ ಮೂರು ಶೂನ್ಯಗುಂಪುಗಳಾದುವು. ಎಂಟರಿಂದ ಮೂರನ್ನು ಕಳೆದರೆ ಐದು. ಲೈನ್‌ಮನ್ ಸಾಹುಕಾರರಿಗೆ 2,600, ದರ್ಜಿ ಸಾಹುಕಾರರಿಗೆ 1,700, ಛಾಯಾಗ್ರಾಹಕ ಮೇಷ್ಟರಿಗೆ 1,900 ಮತ್ತು ಕೃಷಿಕರಿಗೆ 900, ಗುಮಾಸ್ತರು ವಕೀಲರಿಗೆ 1,200: ಇವಿಷ್ಟೇ ಪಾವತಿಗಳು. ನಾಲ್ಕರಲ್ಲಿ ಮುಗಿಯಬೇಕಾದರೆ ನಾಲ್ಕು ಗುಂಪುಗಳಾಗಬೇಕು. ಒಬ್ಬರೇ ಇರುವ ಗುಂಪು ಸಾಧ್ಯವಿಲ್ಲವಾದ್ದರಿಂದ ಆ ನಾಲ್ಕೂ ಸಮಜೋಡಿಗಳೇ ಆಗಿರಬೇಕು. ನಮ್ಮಲ್ಲಿರುವ ಸಮಜೋಡಿ ಒಂದೇ. ಆದುದರಿಂದ ಐದೇ ಕನಿಷ್ಠ. ಮೊದಲ ಹೆಜ್ಜೆಯಲ್ಲಿಯೇ ಛಾಯಾಗ್ರಾಹಕನ ಹಣವನ್ನು ಸಾಹುಕಾರರಿಗೆ ಕೊಡಿಸಿದ್ದರಿಂದ, ‘ದೊಡ್ಡದಕ್ಕೆ ದೊಡ್ಡದು’ ಎಂಬ ಆ ಉಪಾಯ ಎರಡು ಗುಂಪುಗಳನ್ನು ಒಂದಾಗಿ ಬೆಸೆದು, ಒಂದು ಪಾವತಿಯನ್ನು ವ್ಯರ್ಥಮಾಡಿತೆಂಬುದು ಈಗ ಸ್ಪಷ್ಟವಾಗಿ ಕಾಣುತ್ತದೆ.

ಜನರು ಹೆಚ್ಚಿದಂತೆ ಈ ಸಾಲುಗಳು ಎಷ್ಟು ಬೇಗ ಬೆಳೆಯುತ್ತವೆಂಬುದರಲ್ಲಿಯೇ ಸಮಸ್ಯೆಯ ಕಾಠಿಣ್ಯವಿದೆ. ಎಂಟು ಜನರಿಂದ ಆರಿಸಬಹುದಾದ ಗುಂಪುಗಳು, ಯಾರೂ ಇಲ್ಲದ ಗುಂಪನ್ನೂ ಎಣಿಸಿದರೆ, 256. ಒಬ್ಬೊಬ್ಬರು ಹೆಚ್ಚಿದಾಗಲೂ ಈ ಸಂಖ್ಯೆ ಇಮ್ಮಡಿಯಾಗುತ್ತ, ಇಪ್ಪತ್ತು ಜನರಿಗೆ ಹತ್ತು ಲಕ್ಷವನ್ನೂ, ಮೂವತ್ತು ಜನರಿಗೆ ನೂರು ಕೋಟಿಯನ್ನೂ ಮೀರುತ್ತದೆ. ಎಲ್ಲ ಗುಂಪುಗಳನ್ನೂ ಪರೀಕ್ಷಿಸದೆ, ಜನಸಂಖ್ಯೆ ಎಷ್ಟೇ ಬೆಳೆದರೂ ಶೀಘ್ರವಾಗಿ ಉತ್ತರ ಕೊಡಬಲ್ಲ ಉಪಾಯವೊಂದು ಇಲ್ಲವೇ ಎಂದರೆ, ಅದು ಇಂದಿಗೂ ಯಾರಿಗೂ ತಿಳಿಯದು. ಅಮೆರಿಕದ ಬರ್ಕ್ಲಿಯ ಗಣಕವಿಜ್ಞಾನಿ ರಿಚರ್ಡ್ ಕಾರ್ಪ್ ಅವರು 1972ರಲ್ಲಿ, ಒಂದನ್ನು ಶೀಘ್ರವಾಗಿ ಬಿಡಿಸಿದರೆ ಉಳಿದೆಲ್ಲವೂ ಬಿಡುವಂತೆ ಒಂದಕ್ಕೊಂದು ಬಿಗಿದುಕೊಂಡಿರುವ 21 ಸಮಸ್ಯೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು; ಕೊಟ್ಟ ಸಂಖ್ಯೆಗಳಲ್ಲಿ ಕೆಲವನ್ನು ಆರಿಸಿ ಕೂಡಿದರೆ ನಿಗದಿಯಾದ ಮೊತ್ತ ಬರುವುದೇ ಎಂಬ ಪ್ರಶ್ನೆ ಅವುಗಳಲ್ಲೊಂದು. ಶೂನ್ಯಗುಂಪನ್ನು ಹುಡುಕುವುದು ಆ ಪ್ರಶ್ನೆಯದೇ ಇನ್ನೊಂದು ರೂಪ. ಸ್ನೇಹಿತರ ಪ್ರವಾಸಕ್ಕೆ ಇದರಿಂದ ಭಂಗವೇನಿಲ್ಲ. ಹತ್ತು ಹದಿನೈದು ಜನರ ಲೆಕ್ಕವನ್ನು ಸಾಮಾನ್ಯ ಫೋನು ಕೂಡ ಕ್ಷಣಾರ್ಧದಲ್ಲಿ ನಿಶ್ಶೇಷವಾಗಿ ಪರೀಕ್ಷಿಸಬಲ್ಲುದು. ದೊಡ್ಡ ಸಂಘವೊಂದರ ಯಾತ್ರೆಯಲ್ಲಿ ಮಾತ್ರ, ಸಮಜೋಡಿಗಳನ್ನು ತೆಗೆದು, ಉಳಿದವರಿಗೆ ‘ದೊಡ್ಡದಕ್ಕೆ ದೊಡ್ಡದು’ ಎಂಬ ಉಪಾಯವನ್ನೇ ಅನುಸರಿಸಿ ತೃಪ್ತರಾಗಬೇಕು.

ಈ ಗಣಿತಕ್ಕೆ ಇನ್ನೊಂದು ದೌರ್ಬಲ್ಯವಿದೆ. ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯವಾದದ್ದು. ಶೂನ್ಯಗುಂಪು ಎಂಬುದು ಅತಿ ಕೋಮಲವಾದ ವಸ್ತು. ನಮ್ಮ ಉದಾಹರಣೆಯ ಬಾಕಿಗಳೆಲ್ಲ ನೂರರ ಅಪವರ್ತ್ಯಗಳಾಗಿದ್ದುದರಿಂದ ಸರಿಹೊಂದುವ ಸಂಭವ ಹೆಚ್ಚಾಗಿತ್ತು. ಪೈಸೆಗಳ ಮಟ್ಟಿಗೆ ಲೆಕ್ಕ ಹಾಕಿದ ನೈಜ ಪ್ರವಾಸಗಳಲ್ಲಿ ಇಂಥ ಸಮತೆ ತಾನಾಗಿ ಬರುವುದು ವಿರಳ. ಎಂಟರ ಬದಲು ಏಳು ಜನರಿದ್ದು ಪಾಲು ನಿಶ್ಶೇಷವಾಗಿ ಭಾಗವಾಗದಿದ್ದರೆ, ಪ್ರತಿಯೊಬ್ಬರ ಬಾಕಿಯನ್ನೂ ಪೂರ್ಣ ರೂಪಾಯಿಗೆ ತರುವಾಗ ಉಳಿಯುವ ಒಂದೆರಡು ರೂಪಾಯಿಗಳನ್ನು ಯಾರಾದರೊಬ್ಬರ ಹೆಸರಿಗೆ ಹಾಕಿ ಮೊತ್ತವನ್ನು ಶೂನ್ಯಕ್ಕೆ ತಂದುಕೊಳ್ಳದೆ ಮುಂದುವರಿದರೆ, ಕೊನೆಯ ಪಾವತಿ ಎಂದಿಗೂ ಸರಿಹೋಗದು. ರೂಪಾಯಿಗಳಿಗೆ ತಂದ ಮೇಲೆಯೂ ಗುಂಪುಗಳು ದೊರೆಯದಿದ್ದರೆ, ಇಂತಿಷ್ಟು ರೂಪಾಯಿಯವರೆಗಿನ ವ್ಯತ್ಯಾಸವನ್ನು ಎಣಿಸುವುದಿಲ್ಲವೆಂದು ಎಲ್ಲರೂ ಮೊದಲೇ ಒಪ್ಪಿಕೊಂಡರೆ, ಸುಮಾರಾಗಿ ಸರಿಹೋಗುವ ಗುಂಪುಗಳೂ ಲೆಕ್ಕಕ್ಕೆ ಬಂದು ಪಾವತಿಗಳು ಕಡಿಮೆಯಾಗುತ್ತವೆ.

ಒಂದು ಸಣ್ಣ ಬದಲಾವಣೆಯಿಂದ ಎಷ್ಟು ವ್ಯತ್ಯಾಸವಾದೀತೆಂಬುದನ್ನು ನಮ್ಮ ಪ್ರವಾಸದಲ್ಲಿಯೇ ನೋಡಬಹುದು. ಹೊನ್ನಾವರದಲ್ಲಿ ಲೈನ್‌ಮನ್ನನೂ ಛಾಯಾಗ್ರಾಹಕನೂ ದೋಣಿಯೇರದೆ ದಡದಲ್ಲಿಯೇ ಉಳಿದರೆಂದು ಇಟ್ಟುಕೊಳ್ಳಿ. ಆಗ ದೋಣಿಯ 1,300 ರೂಪಾಯಿಯನ್ನು ಆರು ಜನ ಮಾತ್ರ ಹೊರಬೇಕಾದುದು ನ್ಯಾಯ. ದೋಣಿ ಬಿಟ್ಟು ಉಳಿದ 22,700ನ್ನು ಎಂಟು ಪಾಲು ಮಾಡಿದರೆ ತಲೆಗೆ 2,837 ರೂಪಾಯಿ 50 ಪೈಸೆ. ದೋಣಿಯೇರಿದವರಿಗೆ ಅದರ ಮೇಲೆ 216 ರೂಪಾಯಿ 67 ಪೈಸೆ. ಯಾರೂ ಒಂದು ಕಾಸನ್ನೂ ಹೊಸದಾಗಿ ಖರ್ಚುಮಾಡಿಲ್ಲ. ಆದರೂ ಮೂರು ಗುಂಪುಗಳೂ ಒಡೆದುಹೋಗುತ್ತವೆ. ಲೈನ್‌ಮನ್ ಮತ್ತು ದರ್ಜಿ ಕೂಡಿ ಸಾಹುಕಾರರಿಗೆ ಕೊಡುವುದರಲ್ಲಿ ಸುಮಾರು 54 ರೂಪಾಯಿ ಕಡಿಮೆಯಾಗುತ್ತದೆ. ಛಾಯಾಗ್ರಾಹಕನಿಂದ ಮೇಷ್ಟರಿಗೂ ಕೃಷಿಕರಿಗೂ ಸೇರಬೇಕಾದದ್ದರಲ್ಲಿ ಅಷ್ಟೇ ಕಡಿಮೆಯಾಗುತ್ತದೆ. ಗುಮಾಸ್ತರು ಕೊಡಬೇಕಾದದ್ದು ವಕೀಲರಿಗೆ ಬರಬೇಕಾದದ್ದಕ್ಕಿಂತ ಸುಮಾರು 108 ರೂಪಾಯಿ ಹೆಚ್ಚಾಗಿ, ಆ ಎರಡು ಕೊರತೆಗಳನ್ನು ಅವರೇ ತುಂಬಬೇಕಾಗುತ್ತದೆ. ಎಲ್ಲ 256 ಗುಂಪುಗಳನ್ನು ಪರೀಕ್ಷಿಸಿದರೂ, ಎಂಟು ಜನರೂ ಸೇರಿದ ಗುಂಪಲ್ಲದೆ ಬೇರೊಂದು ಶೂನ್ಯಗುಂಪು ಸಿಕ್ಕುವುದಿಲ್ಲ. ಐದಾಗಿದ್ದ ಪಾವತಿ ಏಳಾಗುತ್ತದೆ. ಹೆಚ್ಚಾದ ಎರಡೂ ಗುಮಾಸ್ತರಿಂದ ಸಾಹುಕಾರರಿಗೂ ಮೇಷ್ಟರಿಗೂ ಹೋಗುವ ಐವತ್ತನಾಲ್ಕು ರೂಪಾಯಿಗಳ ಪಾವತಿಗಳು.

ಸಾಹುಕಾರರೂ ಮೇಷ್ಟರೂ ತಮ್ಮ ತಮ್ಮ ಐವತ್ತನಾಲ್ಕು ರೂಪಾಯಿಗಳನ್ನು ತಾವಾಗಿ ಬಿಟ್ಟುಕೊಟ್ಟರೆ ಲೆಕ್ಕ ಮತ್ತೆ ಐದಕ್ಕೆ ಇಳಿಯುತ್ತದೆ. ಅದನ್ನು ಬಿಡುವ ಅಧಿಕಾರ ಬರಬೇಕಾದವರದೇ ಹೊರತು ಲೆಕ್ಕ ಬರೆಯುವವರದಲ್ಲ. ಅವರು ಬಿಡದಿದ್ದ ಪಕ್ಷದಲ್ಲಿ, ಎರಡು ಪಾವತಿಗಳನ್ನು ಉಳಿಸುವುದಕ್ಕಾಗಿ ದಡದಲ್ಲಿ ಕುಳಿತವರ ಮೇಲೆ ದೋಣಿಯ ಬಾಡಿಗೆಯನ್ನು ಹೇರುವುದಕ್ಕಿಂತ, ಏಳು ಪಾವತಿಗಳನ್ನು ಮಾಡಿ ಮುಗಿಸುವುದೇ ಸರಿ.